ಮಸ್ಕಿಯ ಓಣಿಯೂ ಫೋನಿನ ಲೆಕ್ಕವೂ

ಕಳೆದ ಬೇಸಗೆಯ ಸುಗ್ಗಿಯಲ್ಲಿ ನಾನು ಸೋದರಮಾವನ ಕಾರಿನಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟಿದ್ದೆ. ಮಸ್ಕಿಯ ಹೆದ್ದಾರಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಫೋನಿನ ನಕ್ಷೆ ಬಲಕ್ಕೆ ತಿರುಗಿದರೆ ಏಳು ನಿಮಿಷ ಉಳಿಯುವುದೆಂದು ಹೇಳಿತು. ತಿರುಗಿದೆವು. ಓಣಿ ಬರಬರುತ್ತ ಕಿರಿದಾಗಿ, ಕಡೆಗೆ ಎರಡು ಕಡೆಯ ಮನೆಗಳ ಮೆಟ್ಟಿಲುಗಳ ನಡುವೆ ಕಾರು ಸಿಕ್ಕಿಕೊಂಡಿತು. ಕಟ್ಟೆಯ ಮೇಲಿದ್ದ ಅಜ್ಜನೊಬ್ಬ, “ಯಪ್ಪಾ, ಇಲ್ಲಿ ಎತ್ತಿನ ಬಂಡೀನ ಹೊಳ್ಳಂಗಿಲ್ಲ, ಕಾರು ಹ್ಯಾಂಗ ತಂದ್ರಿ?” ಎಂದ. ಹಿಂದಕ್ಕೆ ಸರಿದು ಹೊರಬರಲು ಅರ್ಧ ಗಂಟೆ ಹಿಡಿಯಿತು. ಕಾರಿನ ಬಣ್ಣವೂ ಸ್ವಲ್ಪ ಹೋಯಿತು.

ಯಂತ್ರ ಸುಳ್ಳು ಹೇಳಿತೆಂದು ಮಾವ ಬೈದರು. ನನಗೆ ಹಾಗೆನಿಸಲಿಲ್ಲ. ಅದು ಲೆಕ್ಕ ಹಾಕುವ ಬಗೆಯನ್ನು ತಿಳಿದ ಮೇಲಂತೂ ತಪ್ಪು ಬೇರೆಡೆ ಇದೆಯೆಂದು ಕಂಡಿತು.

ಈ ಯಂತ್ರಕ್ಕೆ ಊರು ಕಾಣುವುದಿಲ್ಲ. ಅದಕ್ಕೆ ಕಾಣುವುದು ಚುಕ್ಕೆಗಳು ಮತ್ತು ಅವನ್ನು ಕೂಡಿಸುವ ಗೆರೆಗಳು. ರಸ್ತೆಗಳು ಕೂಡುವ ಜಾಗ ಚುಕ್ಕೆ, ನಡುವಿನ ರಸ್ತೆ ಗೆರೆ. ಪ್ರತಿ ಗೆರೆಗೂ ಒಂದು ಬೆಲೆ ಕಟ್ಟಿರುತ್ತದೆ: ಉದ್ದವನ್ನು ವೇಗದಿಂದ ಭಾಗಿಸಿದರೆ ಬರುವ ಕಾಲ. ಈ ಬೆಲೆಗಳ ಮೊತ್ತ ಎಲ್ಲಕ್ಕಿಂತ ಕಡಮೆಯಾಗುವ ದಾರಿಯನ್ನು ಹುಡುಕುವ ಕ್ರಮವನ್ನು ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ವಿದ್ವಾಂಸ 1959ರಲ್ಲಿ ಪ್ರಕಟಿಸಿದ. ಈಗಿನ ಯಂತ್ರಗಳು ಅದನ್ನೇ ಬಹಳ ಚುರುಕುಗೊಳಿಸಿ ಬಳಸುತ್ತವೆ.

ಹಾಗಾದರೆ ಓಣಿಗೆ ಕೊಟ್ಟ ವೇಗವೆಷ್ಟು? ನಮ್ಮ ಫೋನಿನ ಕಂಪನಿ ತನ್ನ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸುವುದಿಲ್ಲ. ಆದರೆ ಯಾರು ಬೇಕಾದರೂ ತಿದ್ದಬಹುದಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ನಕ್ಷೆಯನ್ನು ಬಳಸುವ ಓಎಸ್‌ಆರ್‌ಎಂ ಎಂಬ ಮುಕ್ತ ತಂತ್ರಾಂಶವುಂಟು. ಅದರ ಕಡತವನ್ನು ಎಲ್ಲರೂ ಓದಬಹುದು. ಅದರಲ್ಲಿ `highway=residential`, ಅಂದರೆ ಮನೆಗಳ ನಡುವಿನ ಬೀದಿ, ಎಂದು ಗುರುತಿಸಿದ ಗೆರೆಗೆ ಬೇರೆ ವಿವರವಿಲ್ಲದಿದ್ದರೆ ಗಂಟೆಗೆ 25 ಕಿಲೋಮೀಟರು. ಬೆಂಗಳೂರಿನ ಬಡಾವಣೆಯ ಅಗಲ ಬೀದಿಗೂ ಮಸ್ಕಿಯ ಹಳೆಯ ಓಣಿಗೂ ಅದೇ ಮರ್ಯಾದೆ!

ನಮ್ಮ ಪ್ರಸಂಗಕ್ಕೆ ಇದನ್ನು ಹಚ್ಚಿ ನೋಡೋಣ. ಹೆದ್ದಾರಿಯ ಆ ತುಂಡು ಸುಮಾರು 1200 ಮೀಟರು; ಲಾರಿಗಳ ನಡುವೆ ಗಂಟೆಗೆ 8 ಕಿಲೋಮೀಟರಿನಂತೆ ತೆವಳಿದರೆ ಒಂಬತ್ತು ನಿಮಿಷ. ಓಣಿ 900 ಮೀಟರು. 25ರ ವೇಗದಲ್ಲಿ ಎರಡು ನಿಮಿಷದ ಮೇಲೆ ಸ್ವಲ್ಪ. ಉಳಿತಾಯ ಏಳು ನಿಮಿಷ; ಫೋನು ಹೇಳಿದ್ದೂ ಅಷ್ಟೇ. ಓಣಿಯ ವೇಗವನ್ನು 10ಕ್ಕೆ ಇಳಿಸಿದರೂ ಐದೂವರೆ ನಿಮಿಷ. ಆಗಲೂ ಓಣಿಯೇ ಗೆಲ್ಲುತ್ತದೆ. ಆದ್ದರಿಂದ ವೇಗವನ್ನು ಅಷ್ಟು ತಿದ್ದಿದರೂ ಸಾಲದು. ಅಲ್ಲಿ ಬೇಕಾಗಿದ್ದುದು ಅಗಲದ ಅಂಕಿ, ಮತ್ತು ಆ ಅಂಕಣ ಖಾಲಿಯಾಗಿತ್ತು. ಖಾಲಿ ಅಂಕಣವನ್ನು ಯಂತ್ರ “ಅಡ್ಡಿಯಿಲ್ಲ” ಎಂದೇ ಓದಿಕೊಳ್ಳುತ್ತದೆ. ರಾತ್ರಿ ದೀಪವಿದೆಯೆ, ಪಕ್ಕದ ಚರಂಡಿಗೆ ಮುಚ್ಚಳವಿದೆಯೆ ಎಂಬುದು ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ.

ದೊಡ್ಡ ಕಂಪನಿಗಳು ರಸ್ತೆಯಲ್ಲಿರುವವರ ಫೋನುಗಳಿಂದ ಬರುವ ನಿಜವಾದ ವೇಗವನ್ನೂ ಸೇರಿಸಿಕೊಳ್ಳುತ್ತವೆ. ಇದರಿಂದ ಓಣಿಯ ಗುಟ್ಟು ಹೊರಬೀಳಬೇಕಲ್ಲವೆ ಎಂದು ಕೇಳಬಹುದು. ಬಹುಮಟ್ಟಿಗೆ ಬೀಳುವುದಿಲ್ಲ. ಆ ಓಣಿಯಲ್ಲಿ ಓಡಾಡುವುದು ಮೋಟರ್ ಸೈಕಲ್ಲುಗಳು, ಅವು ಸರಾಗವಾಗಿ ಹೋಗುತ್ತವೆ. ಕಾರಿನ ಗತಿಯನ್ನೂ ಬೈಕಿನ ಗತಿಯನ್ನೂ ಬೇರ್ಪಡಿಸುವುದು ಇಂಥಲ್ಲಿ ಸುಲಭವಲ್ಲ. ಅದಕ್ಕಿಂತ ವಿಚಿತ್ರವಾದುದು ಇನ್ನೊಂದು: ಬಲ್ಲ ಕಾರಿನವನು ಅಲ್ಲಿಗೆ ಹೋಗುವುದೇ ಇಲ್ಲ, ಹೋಗದವನ ಅನುಭವ ಲೆಕ್ಕಕ್ಕೆ ಸೇರುವುದೂ ಇಲ್ಲ. ಕಾರು ನುಗ್ಗಲಾರದ ಓಣಿಯಲ್ಲಿ ಕಾರುಗಳ ದಟ್ಟಣೆ ಎಲ್ಲಿಂದ ಬರಬೇಕು? ಹೀಗೆ ಅದು ಸದಾ ಬಿಡುವಾಗಿರುವಂತೆ ಕಾಣುತ್ತದೆ.

ಗೂಗಲ್ ಕಂಪನಿ 2024ರ ಜುಲೈಯಲ್ಲಿ ಉಪಗ್ರಹದ ಚಿತ್ರ ಮುಂತಾದವುಗಳಿಂದ ರಸ್ತೆಯ ಅಗಲವನ್ನು ಅಂದಾಜು ಮಾಡಿ ನಾಲ್ಕು ಚಕ್ರದ ವಾಹನಗಳನ್ನು ಇಕ್ಕಟ್ಟಿನಿಂದ ತಪ್ಪಿಸುವ ಏರ್ಪಾಡನ್ನು ನಮ್ಮ ದೇಶದಲ್ಲಿ ಪ್ರಕಟಿಸಿತು. ಮೊದಲು ಆಯ್ದುಕೊಂಡುದು ಎಂಟು ನಗರಗಳನ್ನು. ಕರ್ನಾಟಕದಿಂದ ಬೆಂಗಳೂರು ಒಂದೇ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮಾಳಿಗೆಯ ಅಂಚು, ಬೇವಿನ ನೆರಳು ಓಣಿಯನ್ನು ಮುಚ್ಚಿದರೆ ಅಳತೆ ತಪ್ಪುವುದು ಸಹಜ.

ಇಂಥ ದಾರಿಯ ಸುಳಿವು ಮೊದಲೇ ಸಿಗುತ್ತದೆ. ಹೆದ್ದಾರಿ ಬಿಟ್ಟೊಡನೆ ಹತ್ತಿರ ಹತ್ತಿರದಲ್ಲಿ ಮೂರು ನಾಲ್ಕು ತಿರುವುಗಳು, ಹೆಸರಿಲ್ಲದ ತೆಳ್ಳನೆಯ ಗೆರೆ ಕಂಡರೆ ಸಂಶಯಪಡಬೇಕು. ಫೋನಿನಲ್ಲಿ ಬೈಕಿನ ಗುರುತು ಆಯ್ಕೆಯಾಗಿಬಿಟ್ಟಿದೆಯೇ ಎಂದೂ ನೋಡಬೇಕು. ಹಾಗಿದ್ದರೆ ಓಣಿಗೆ ಕಳಿಸಿದ್ದು ಅದರ ತಪ್ಪಲ್ಲ.

ಮುಂದಿನ ರವಿವಾರ ನಾನು ಟೇಪು ಹಿಡಿದು ಅದೇ ಓಣಿಗೆ ಹೋದೆ. ಗೋಡೆಯಿಂದ ಗೋಡೆಗೆ ಏಳು ಅಡಿ. ಮೆಟ್ಟಿಲುಗಳನ್ನು ಕಳೆದರೆ ಐದೂವರೆ, ಅಂದರೆ 1.7 ಮೀಟರು. ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಆ ತುಂಡಿಗೆ `width=1.7` ಎಂದು ಬರೆದೆ. ಓಎಸ್‌ಆರ್‌ಎಂ ಕಾರಿನ ಅಗಲವನ್ನು 1.9 ಮೀಟರೆಂದು ಹಿಡಿಯುತ್ತದೆ. ಅದಕ್ಕಿಂತ ಕಿರಿದೆಂದು ಬರೆದಿರುವ ಗೆರೆಯನ್ನು ಕಾರಿನ ದಾರಿಯಿಂದ ಕೈಬಿಡುತ್ತದೆ. ಮಾವನ ಫೋನಿನ ಕಂಪನಿಗೆ ಬೇರೆಯಾಗಿ ದೂರು ಕಳಿಸಿದ್ದೇನೆ; ಅದರ ನಕ್ಷೆಯೇ ಬೇರೆ. ಅಳೆಯುವಾಗ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡವನು ಆ ಕಟ್ಟೆಯ ಅಜ್ಜನೇ.