ಚೆಕ್ ಬೌನ್ಸ್ ನೋಟಿಸ್: ಮೊತ್ತವೂ ತಪ್ಪಬಾರದು, ದಿನವೂ ತಪ್ಪಬಾರದು

ತಿಪಟೂರು ಕಡೆಯ ಒಬ್ಬ ತೆಂಗು ಬೆಳೆಗಾರರು ವರ್ತಕರಿಗೆ ಕೊಬ್ಬರಿ ಮಾರಿದರು ಎಂದುಕೊಳ್ಳೋಣ. ಬಾಕಿ ಹಣಕ್ಕೆ ವರ್ತಕರು 1,85,000 ರೂಪಾಯಿಯ ಚೆಕ್ ಕೊಟ್ಟರು. ಬೆಳೆಗಾರರು ಅದನ್ನು ಬ್ಯಾಂಕಿಗೆ ಹಾಕಿದರೆ, ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ ಮೆಮೊ ಜೂನ್ 10ರಂದು ಕೈಸೇರಿತು. ಇಂಥ ಹೊತ್ತಿನಲ್ಲಿ ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಚೆಕ್ ಬೌನ್ಸ್ ಆದಷ್ಟಕ್ಕೇ ಅಪರಾಧ ಪೂರ್ಣವಾಗುವುದಿಲ್ಲ. ಲಿಖಿತ ನೋಟಿಸ್ ತಲುಪಿದ ಮೇಲೂ 15 ದಿನದೊಳಗೆ ಹಣ ಕೊಡದಿದ್ದರೆ ಮಾತ್ರ ಅಪರಾಧ. ಆದ್ದರಿಂದ ನೋಟಿಸಿನಲ್ಲೇ ದೋಷವಿದ್ದರೆ, ಸಾಲ ನಿಜವಾಗಿದ್ದರೂ ಕೇಸು ಬೀಳುತ್ತದೆ.

ನೋಟಿಸನ್ನು ವಕೀಲರೇ ಕೊಡಬೇಕೆಂಬ ನಿಯಮವಿಲ್ಲ. ಆದರೆ ಅದರಲ್ಲಿ ನಡೆದ ಸಂಗತಿ ಕ್ರಮವಾಗಿ ಬರಬೇಕು. ಎಷ್ಟು ಕೊಬ್ಬರಿ, ಯಾವಾಗ ಕೊಟ್ಟದ್ದು, ಬಾಕಿ ಎಷ್ಟು. ಚೆಕ್ಕಿನ ಸಂಖ್ಯೆ, ತಾರೀಖು, ಬ್ಯಾಂಕ್ ಮತ್ತು ಶಾಖೆ. ಯಾವ ದಿನ ಬ್ಯಾಂಕಿಗೆ ಹಾಕಿದ್ದು, ಮೆಮೊ ಯಾವಾಗ ಬಂತು, ಅದರಲ್ಲಿದ್ದ ಕಾರಣವೇನು. ಇವನ್ನು ಚೆಕ್ ಮತ್ತು ಮೆಮೊ ಎದುರಿಗಿಟ್ಟುಕೊಂಡು ಬರೆಯಬೇಕು, ನೆನಪಿನಿಂದಲ್ಲ. ಕೋಪದ ಮಾತು, ಬೆದರಿಕೆ ಬೇಡ.

ಹೆಚ್ಚಿನ ಎಡವಟ್ಟು ಆಗುವುದು ಹಣ ಕೇಳುವ ಸಾಲಿನಲ್ಲಿ. ಕಾನೂನು ಹೇಳುವುದು ಚೆಕ್ಕಿನ ಮೊತ್ತವನ್ನು ಕೇಳಬೇಕೆಂದು. ನಮ್ಮ ಬೆಳೆಗಾರರಿಗೆ 9,000 ಬಡ್ಡಿಯೂ 3,000 ನೋಟಿಸ್ ಖರ್ಚೂ ಬರಬೇಕಿದೆ ಎನ್ನಿ. ಎಲ್ಲವನ್ನೂ ಕೂಡಿಸಿ ‘1,97,000 ರೂಪಾಯಿ ಕೊಡಿ’ ಎಂದಷ್ಟೇ ಬರೆದರೆ ನೋಟಿಸ್ ಕೆಡುತ್ತದೆ. ‘ಚೆಕ್ಕಿನ ಮೊಬಲಗು ರೂ. 1,85,000 ಅನ್ನು ಈ ನೋಟಿಸು ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು’ ಎಂದು ಮೊದಲು ಬರೆದು, ಬಡ್ಡಿ ಮತ್ತು ಖರ್ಚನ್ನು ಬೇರೆಯಾಗಿ ತೋರಿಸಿದರೆ ತೊಂದರೆಯಿಲ್ಲ. 2025ರ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ ಇದ್ದದ್ದು ಒಂದು ಕೋಟಿಗೆ, ನೋಟಿಸಿನಲ್ಲಿ ಕೇಳಿದ್ದು ಎರಡು ಕೋಟಿ. ಅದು ಟೈಪಿಂಗ್ ತಪ್ಪು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ದೂರು ಉಳಿಯಲಿಲ್ಲ.

ಚೆಕ್ ಕೊಟ್ಟ ಮೇಲೆ ವರ್ತಕರು 50,000 ನಗದು ಕೊಟ್ಟಿದ್ದರೆ ಲೆಕ್ಕ ಬದಲಾಗುತ್ತದೆ. ಆ ಪಾವತಿಯನ್ನು ಚೆಕ್ಕಿನ ಮೇಲೆ ನಮೂದಿಸಿ, ಉಳಿದ 1,35,000ಕ್ಕಷ್ಟೇ ಬ್ಯಾಂಕಿಗೆ ಹಾಕಬೇಕು. ಪೂರ್ತಿ ಮೊತ್ತಕ್ಕೆ ಹಾಕಿದರೆ, ಬೌನ್ಸ್ ಆದರೂ 138ರ ಅಪರಾಧವಾಗದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ದಿನಗಳ ಲೆಕ್ಕ. ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ಜೂನ್ 10 ಅನ್ನು ಬಿಟ್ಟು ಎಣಿಸಿದರೆ ಜುಲೈ 10 ಕೊನೆಯ ದಿನ. ಬೆಳೆಗಾರರು ಜೂನ್ 18ರಂದು ಕಳಿಸಿ, 21ರಂದು ಅದು ವರ್ತಕರಿಗೆ ತಲುಪಿತು. ಹಣ ಕೊಡಲು ಇರುವ 15 ದಿನ ಶುರುವಾಗುವುದು ನೋಟಿಸ್ ಬರೆದ ತಾರೀಖಿನಿಂದಲ್ಲ, ತಲುಪಿದ ಮರುದಿನದಿಂದ. ಅಂದರೆ ಜುಲೈ 6ರವರೆಗೆ ವರ್ತಕರಿಗೆ ಅವಕಾಶವಿದೆ. ಅಷ್ಟರೊಳಗೆ ಚೆಕ್ಕಿನ ಹಣ ಕೊಟ್ಟರೆ ಕೇಸಿಲ್ಲ. ಆ ಗಡುವು ಮುಗಿಯುವ ಮೊದಲೇ ದೂರು ಹಾಕಿದರೆ ಅದು ದೂರೇ ಅಲ್ಲ ಎಂದು 2014ರ ತೀರ್ಪು ಹೇಳುತ್ತದೆ. ದೂರಿನ ಹಕ್ಕು ಹುಟ್ಟುವುದು ಜುಲೈ 7ಕ್ಕೆ. ಅಲ್ಲಿಂದ ಒಂದು ತಿಂಗಳೊಳಗೆ, ಅಂದರೆ ಆಗಸ್ಟ್ 7ರೊಳಗೆ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ದಾಖಲಾಗಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು. ನೋಟಿಸಿನ 30 ದಿನಕ್ಕೆ ಅಂಥ ವಿನಾಯಿತಿಯಿಲ್ಲ.

ವರ್ತಕರು ಅಂಚೆಯಣ್ಣನಿಂದ ಲಕೋಟೆ ತೆಗೆದುಕೊಳ್ಳದೆ ವಾಪಸು ಕಳಿಸಿದರೆ? ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ ನೋಟಿಸ್ ತಲುಪಿದೆ ಎಂದೇ ಕೋರ್ಟ್ ಭಾವಿಸುತ್ತದೆ. ನಿಜಕ್ಕೂ ತಲುಪಿರಲಿಲ್ಲ ಎನ್ನುವವರು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಿ ದೂರನ್ನು ತಳ್ಳಿಹಾಕುವಂತೆ ಕೇಳಬಹುದು ಎಂದು 2007ರ ಅಲವಿ ಹಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅಂಚೆ ರಸೀದಿ, ಸ್ವೀಕೃತಿ ಅಥವಾ ವಾಪಸು ಬಂದ ಲಕೋಟೆಯನ್ನು ಜೋಪಾನ ಮಾಡಬೇಕು. ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಕೋರ್ಟಿಗೆ ಕೊಡುವುದು ಒಳ್ಳೆಯದು.

ನೋಟಿಸ್ ಕಳಿಸುವ 30 ದಿನ ಮುಗಿದೇ ಹೋದರೂ ದಾರಿಯಿದೆ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳಾಗಿರದಿದ್ದರೆ ಅದನ್ನೇ ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ಬೌನ್ಸ್ ಆದರೆ, ಹೊಸ ಮೆಮೊ ಸಿಕ್ಕ ದಿನದಿಂದ ಹೊಸದಾಗಿ 30 ದಿನ. ಆ ಅವಧಿಯೂ ಮುಗಿದಿದ್ದರೆ ಕ್ರಿಮಿನಲ್ ದೂರಿನ ಬಾಗಿಲು ಮುಚ್ಚುತ್ತದೆ, ಬಾಕಿ ಮುಳುಗುವುದಿಲ್ಲ. ಸಾಮಾನ್ಯವಾಗಿ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿನಲ್ಲಿ ಹಣ ವಸೂಲಿ ದಾವೆ ಹೂಡಲು ಬೆಳೆಗಾರರಿಗೆ ಹಕ್ಕಿರುತ್ತದೆ.