ಒಂಬತ್ತು ಹನಿ ನೀರು

ಎಂ.ಎಸ್‌ಸಿ. ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕಗಳನ್ನು ತಿರುವಿ ಹಾಕಿದರೆ ಒಂದು ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಇಳುವರಿ ಕಡಿಮೆ, ಕಾರಣ, ತೇವಾಂಶ.’ ಟ್ರೈಫಿನೈಲ್ ಮೆಥನಾಲ್ ತಯಾರಿಸಲು ಹೋಗಿ ಫ್ಲಾಸ್ಕಿನ ತಳದಲ್ಲಿ ಬಿಳಿಯ ರಾಡಿ ಮಾಡಿಕೊಂಡವರೆಲ್ಲ ಬರೆಯುವ ಮಾತಿದು. ಸುಳ್ಳೇನಲ್ಲ. ಆದರೆ ವೈವಾದಲ್ಲಿ ಪರೀಕ್ಷಕರು ‘ಎಷ್ಟು ತೇವಾಂಶ? ಅದು ಮಾಡಿದ್ದೇನು?’ ಎಂದು ಕೇಳಿಬಿಟ್ಟರೆ ಮಾತು ತಡವರಿಸುತ್ತದೆ. ಎರಡಕ್ಕೂ ಉತ್ತರವಿದೆ. ಮೊದಲನೆಯದಕ್ಕಂತೂ ಹನಿ ಲೆಕ್ಕದಲ್ಲೇ ಉತ್ತರ ಹೇಳಬಹುದು.

ಪ್ರಯೋಗ ಹೀಗೆ ನಡೆಯುತ್ತದೆ. ರೌಂಡ್ ಬಾಟಮ್ ಫ್ಲಾಸ್ಕಿಗೆ 1.2 ಗ್ರಾಂ ಮೆಗ್ನೀಷಿಯಂ ಸುರುಳಿ ಹಾಕುತ್ತಾರೆ. ಸುಮಾರು 7.9 ಗ್ರಾಂ ಬ್ರೋಮೋಬೆಂಜೀನನ್ನು ಒಟ್ಟು 50 ಮಿ.ಲೀ. ಈಥರಿನ ಜೊತೆ ಹನಿಹನಿಯಾಗಿ ಬಿಡುತ್ತಾರೆ. ಎರಡೂ ಲೆಕ್ಕಕ್ಕೆ ಸಮ, ಒಂದೊಂದೂ 0.05 ಮೋಲ್. ಲೋಹ ಕರಗುತ್ತಾ ಹೋಗಿ ಫಿನೈಲ್ ಮೆಗ್ನೀಷಿಯಂ ಬ್ರೋಮೈಡ್, ಅಂದರೆ C6H5MgBr, ಹುಟ್ಟುತ್ತದೆ. ಅದಕ್ಕೆ 9.1 ಗ್ರಾಂ ಬೆಂಜೋಫಿನೋನ್ ಸೇರಿಸಿದರೆ ದ್ರಾವಣ ಕೆಂಪೇರಿ ಗಟ್ಟಿಯಾಗುತ್ತದೆ. ಕೊನೆಗೆ ಮಂಜುಗಡ್ಡೆ ಮತ್ತು ಸಾರರಿಕ್ತ ಆಮ್ಲ ಸುರಿದರೆ ಟ್ರೈಫಿನೈಲ್ ಮೆಥನಾಲ್ ಸಿಗುತ್ತದೆ. ಶುದ್ಧ ಮಾಡಿದರೆ ಬಿಳಿ ಹರಳು, ಕರಗುವುದು 162 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒಂದಿಷ್ಟೂ ನಷ್ಟವಾಗದಿದ್ದರೆ 13 ಗ್ರಾಂ ಬರಬೇಕು.

ಈ ವಿಧಾನದ ಮೂಲ ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಅಲ್ಲಿ ಫಿಲಿಪ್ ಬಾರ್ಬಿಯೆ 1899ರಲ್ಲಿ ಸತುವಿನ ಬದಲು ಮೆಗ್ನೀಷಿಯಂ ಬಳಸಿ, ಮೀಥೈಲ್ ಅಯೋಡೈಡ್ ಮತ್ತು ಕೀಟೋನನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ನೋಡಿದ್ದರು. ಫಲ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಅವರ ಶಿಷ್ಯ ವಿಕ್ಟರ್ ಗ್ರಿನ್ಯಾರ್ (ನಮ್ಮ ತರಗತಿಗಳಲ್ಲಿ ಇವರು ‘ಗ್ರಿಗ್ನಾರ್ಡ್’ ಆಗಿಯೇ ಉಳಿದಿದ್ದಾರೆ) ಕೆಲಸವನ್ನು ಎರಡು ಹಂತ ಮಾಡಿದರು. ಮೊದಲು ಒಣ ಈಥರಿನಲ್ಲಿ ಮೆಗ್ನೀಷಿಯಂ ಸಂಯುಕ್ತ ತಯಾರಿಸಿಕೊಳ್ಳುವುದು, ಆಮೇಲೆ ಕೀಟೋನ್ ಸೇರಿಸುವುದು. 1900ರಲ್ಲಿ ಇದನ್ನು ಪ್ರಕಟಿಸಿದರು, 1912ರಲ್ಲಿ ನೊಬೆಲ್ ಬಂತು. ಅಂದಿನಿಂದ ಈಥರ್ ಈ ಕಾರಕದ ಮನೆಯೇ ಆಗಿಹೋಗಿದೆ.

ಮನೆ ಅಂದದ್ದು ಬರಿಯ ಅಲಂಕಾರಕ್ಕಲ್ಲ. ಈಥರಿನ ಅಣುವಿನ ನಡುವೆ ಒಂದು ಆಮ್ಲಜನಕ ಪರಮಾಣು ಇದೆ, ಅದರ ಬಳಿ ಯಾವ ಬಂಧಕ್ಕೂ ಬಳಕೆಯಾಗದ ಇಲೆಕ್ಟ್ರಾನ್ ಜೋಡಿಗಳಿವೆ. ಕಾರಕದಲ್ಲಿರುವ ಮೆಗ್ನೀಷಿಯಂಗೆ ಇಲೆಕ್ಟ್ರಾನುಗಳ ಹಸಿವು. ಸಾಮಾನ್ಯವಾಗಿ ಎರಡು ಈಥರ್ ಅಣುಗಳು ಒಂದೊಂದು ಮೆಗ್ನೀಷಿಯಂಗೆ ಅಂಟಿಕೊಂಡು ಆ ಹಸಿವನ್ನು ತಣಿಸುತ್ತವೆ. ಹಾಗೆ ಆಸರೆ ಸಿಕ್ಕಾಗ ಹೊಸದಾಗಿ ಹುಟ್ಟಿದ ಕಾರಕ ಲೋಹದ ಮೈಬಿಟ್ಟು ದ್ರಾವಣಕ್ಕೆ ಇಳಿಯುತ್ತದೆ, ಕೆಳಗಿನ ಲೋಹ ಮುಂದಿನ ಕ್ರಿಯೆಗೆ ತೆರೆದುಕೊಳ್ಳುತ್ತದೆ.

ಹಾಗಿದ್ದರೆ ನೀರಿನಲ್ಲೂ ಆಮ್ಲಜನಕ ಇದೆಯಲ್ಲ, ಅದೇಕೆ ಆಗದು? ಇಲ್ಲೇ ಇರುವುದು ವಿಷಯ. ನೀರಿನ ಆಮ್ಲಜನಕಕ್ಕೆ ಎರಡು ಹೈಡ್ರೋಜನ್‌ಗಳು ಅಂಟಿವೆ. ಆ ಎರಡನ್ನೂ ತೆಗೆದು ಅವುಗಳ ಜಾಗದಲ್ಲಿ ಎರಡು ಈಥೈಲ್ ಗುಂಪು ಕೂರಿಸಿದರೆ ಅದೇ ಈಥರ್. ಒಂದನ್ನು ಮಾತ್ರ ಬದಲಿಸಿದರೆ ಎಥನಾಲ್. ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್ ಸಡಿಲವಾಗಿರುತ್ತದೆ, ಕೇಳಿದವರಿಗೆ ಹೊರಟುಬಿಡುತ್ತದೆ. ಕೇಳುವವರು ಯಾರೆಂದರೆ ಕಾರಕದ ಕಾರ್ಬನ್. ಮೆಗ್ನೀಷಿಯಂ ಜೊತೆಗಿನ ಬಂಧದಲ್ಲಿ ಇಲೆಕ್ಟ್ರಾನುಗಳೆಲ್ಲ ಹೆಚ್ಚಾಗಿ ಈ ಕಾರ್ಬನ್ನಿನ ಕಡೆಗೇ ವಾಲಿರುತ್ತವೆ. ಆ ಬಲದಿಂದಲೇ ಅದು ಬೆಂಜೋಫಿನೋನ್ ಮೇಲೆರಗಿ ಹೊಸ ಕಾರ್ಬನ್-ಕಾರ್ಬನ್ ಬಂಧ ಕಟ್ಟಬೇಕು. ಆದರೆ ಪಕ್ಕದಲ್ಲೇ ನೀರಿನ ಅಣುವಿದ್ದರೆ ಅದರ ಹೈಡ್ರೋಜನನ್ನು ಕಿತ್ತುಕೊಂಡು ಶಾಂತವಾಗುತ್ತದೆ:

C6H5MgBr + H2O → C6H6 + Mg(OH)Br

ಬಲಗಡೆಯಲ್ಲಿ ಇರುವುದು ಬೆಂಜೀನ್. ಅದು ಬೆಂಜೋಫಿನೋನನ್ನು ಮೂಸಿಯೂ ನೋಡುವುದಿಲ್ಲ. ಈ ಕ್ರಿಯೆ ಹಿಂದಕ್ಕೆ ಬರುವಂಥದ್ದೂ ಅಲ್ಲ, ಒಮ್ಮೆ ಸತ್ತ ಕಾರಕ ಸತ್ತಂತೆಯೇ. ಎಥನಾಲ್ ಕೂಡ ಇದೇ ಅನಾಹುತ ಮಾಡುತ್ತದೆ. ಈಥರಿನಲ್ಲಿ ಮಾತ್ರ ಕಸಿಯಲು ಅಂಥ ಹೈಡ್ರೋಜನ್ನೇ ಇಲ್ಲ.

ಈಗ ಲೆಕ್ಕ. ಒಂದು ಅಣು ನೀರು ಕನಿಷ್ಠ ಒಂದು ಅಣು ಕಾರಕವನ್ನು ಕೊಲ್ಲುತ್ತದೆ. ನೀರಿನ ಅಣುತೂಕ ಬರೀ 18. ಹಾಗಾಗಿ 0.05 ಮೋಲ್ ಕಾರಕವನ್ನು ಪೂರ್ತಿ ಮುಗಿಸಲು 0.9 ಗ್ರಾಂ ನೀರು ಸಾಕು. ಡ್ರಾಪರಿನ ಒಂದು ಹನಿ ಸುಮಾರು 0.05 ಮಿ.ಲೀ. ಎಂದಿಟ್ಟುಕೊಂಡರೆ ಹದಿನೆಂಟು ಹನಿ. ಸೆಪರೇಟಿಂಗ್ ಫನೆಲ್‌ನಲ್ಲಿ ನೀರಿನ ಜೊತೆ ಕುಲುಕಿ ತೆಗೆದ ಈಥರ್ ನೋಡಲು ತಿಳಿಯಾಗಿಯೇ ಇರುತ್ತದೆ, ಆದರೆ ನೂರು ಗ್ರಾಂಗೆ ಸುಮಾರು ಒಂದೂಕಾಲು ಗ್ರಾಂ ನೀರನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. 50 ಮಿ.ಲೀ. ಈಥರ್ ತೂಗುವುದು ಸುಮಾರು 35 ಗ್ರಾಂ. ಅದರಲ್ಲಿರುವ ನೀರು 0.44 ಗ್ರಾಂ, ಅಂದರೆ ಒಂಬತ್ತು ಹನಿ. ಅಷ್ಟಕ್ಕೇ ಅರ್ಧ ಕಾರಕ ಮಾಯ! 13 ಗ್ರಾಂ ಬರಬೇಕಾದಲ್ಲಿ ಬೇರೆ ಯಾವ ತಪ್ಪೂ ಆಗದಿದ್ದರೂ ಆರೂವರೆ ಗ್ರಾಂ ಮೀರುವಂತಿಲ್ಲ. ಉಳಿದ ನಾಲ್ಕೂವರೆ ಗ್ರಾಂ ಬೆಂಜೋಫಿನೋನ್ ಸುಮ್ಮನೆ ಹರಳುಗಳ ಜೊತೆ ಬೆರೆತು ಬರುತ್ತದೆ. ಅದು 48 ಡಿಗ್ರಿಗೇ ಕರಗುವ ವಸ್ತು, ಆದ್ದರಿಂದ ಮಾದರಿ 162ರ ಬಳಿ ಒಮ್ಮೆಲೇ ಕರಗದೆ ಬಹಳ ಕೆಳಗಿನಿಂದಲೇ ಮೆತ್ತಗಾಗತೊಡಗುತ್ತದೆ. ಬೆಂಜೀನ್ ಆವಿಯಾಗಿ ಹೋಗಿಬಿಡುವುದರಿಂದ ಅಪರಾಧದ ಗುರುತು ತಟ್ಟೆಯಲ್ಲಿ ಸಿಗದು.

ಇದೆಲ್ಲ ಕ್ರಿಯೆ ಶುರುವಾದ ಮೇಲಿನ ಮಾತು. ಎಷ್ಟೋ ಸಲ ಶುರುವೇ ಆಗುವುದಿಲ್ಲ. ಮೆಗ್ನೀಷಿಯಂ ಮೇಲೆ ಮೊದಲೇ ಆಕ್ಸೈಡಿನ ತೆಳು ಪೊರೆ ಇರುತ್ತದೆ. ಅಲ್ಲಲ್ಲಿ ಪೊರೆ ಹರಿದು ಮೊದಲ ಕಾರಕ ಹುಟ್ಟುವಷ್ಟರಲ್ಲಿ ನೀರು ಅದನ್ನು ತಿಂದು, ಕರಗದ ಹೈಡ್ರಾಕ್ಸೈಡನ್ನು ಅದೇ ಜಾಗಕ್ಕೆ ಮೆತ್ತುತ್ತದೆ. ಗಾಯ ಮಾಯ್ದಂತೆ ಲೋಹದ ಮೈ ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಹರಳು ಅಯೋಡಿನ್ ಹಾಕುವುದು, ಒಣ ಗಾಜಿನ ಕಡ್ಡಿಯಿಂದ ಸುರುಳಿಗಳನ್ನು ಮುರಿಯುವುದು, ಇವೆಲ್ಲ ಹೊಸ ಲೋಹವನ್ನು ಹೊರತೆಗೆಯುವ ಉಪಾಯಗಳು. ಅಲ್ಟ್ರಾಸೋನಿಕ್ ಸ್ನಾನದಲ್ಲಿ ಫ್ಲಾಸ್ಕ್ ಇಟ್ಟರೆ ತುಸು ತೇವದ ಈಥರಿನಲ್ಲೂ ಕ್ರಿಯೆ ಹತ್ತಿಕೊಳ್ಳುವುದುಂಟು. ಆದರೆ ಅದು ಶುರು ಮಾಡಿಸಬಲ್ಲದೇ ಹೊರತು ಮೇಲಿನ ಒಂಬತ್ತು ಹನಿಯ ಲೆಕ್ಕವನ್ನು ಬದಲಿಸದು.

ಶುರುವಾದದ್ದು ಕಣ್ಣಿಗೇ ಕಾಣುತ್ತದೆ. ಅಯೋಡಿನ್ನಿನ ಕಂದು ಬಣ್ಣ ಮಾಸುತ್ತದೆ, ಲೋಹದ ಅಂಚಿನಿಂದ ಸಣ್ಣ ಗುಳ್ಳೆಗಳೇಳುತ್ತವೆ, ದ್ರಾವಣ ಮೋಡ ಕವಿದಂತೆ ಮಬ್ಬಾಗುತ್ತದೆ. ಬಿಸಿ ಮಾಡದಿದ್ದರೂ ಈಥರ್ ತಾನಾಗಿ ಕುದಿಯತೊಡಗುತ್ತದೆ. ಅದರ ಕುದಿಬಿಂದು 35 ಡಿಗ್ರಿ ಅಷ್ಟೆ, ಕ್ರಿಯೆಯ ಶಾಖವೇ ಸಾಕು. ಹೀಗೆ ಏಳುವ ಆವಿ ದ್ರಾವಣದ ಮೇಲೆ ಕಂಬಳಿ ಹೊದಿಸಿದಂತೆ ನಿಂತು ಹೊರಗಿನ ಗಾಳಿಯನ್ನೂ ತಡೆಯುತ್ತದೆ. ಅಂದರೆ ಈಥರಿನದು ಇಲ್ಲಿ ಮೂರು ಪಾಲಿನ ಕೆಲಸ.

ಈ ನೀರು ಬರುವುದಾದರೂ ಎಲ್ಲಿಂದ? ಬಾಟಲಿಯಿಂದ ಬರುವುದು ಒಂದು ಪಾಲು. ಅದಕ್ಕೆ ಹಳೆಯ ಕ್ರಮವಿದೆ: ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಮೇಲೆ ಒಂದು ರಾತ್ರಿ ಇಟ್ಟು ನೀರು ಮತ್ತು ಎಥನಾಲಿನ ಬಹುಪಾಲನ್ನು ತೆಗೆಯುತ್ತಾರೆ, ಆಮೇಲೆ ಪ್ರೆಸ್ಸಿನಲ್ಲಿ ಒತ್ತಿ ಸೋಡಿಯಂ ತಂತಿಯನ್ನು ನೇರವಾಗಿ ಈಥರಿಗೆ ಬಿಡುತ್ತಾರೆ. ಹೈಡ್ರೋಜನ್ ಗುಳ್ಳೆ ನಿಂತರೆ ಒಣಗಿತೆಂದು ಅರ್ಥ. ಇನ್ನೂ ಖಚಿತ ಬೇಕಾದವರು ಸೋಡಿಯಂ ಜೊತೆಗೆ ಚಿಟಿಕೆ ಬೆಂಜೋಫಿನೋನ್ ಹಾಕುತ್ತಾರೆ. ಹೌದು, ಅದೇ ಬೆಂಜೋಫಿನೋನ್. ನೀರಿರುವ ತನಕ ಬಣ್ಣ ನಿಲ್ಲದು, ನೀರು ಮುಗಿದೊಡನೆ ದ್ರಾವಣ ಗಾಢ ನೀಲಿಗೆ ತಿರುಗುತ್ತದೆ. ಹಳೆಯ ಈಥರ್ ಬಾಟಲಿಯಲ್ಲಿ ಸ್ಫೋಟಿಸಬಲ್ಲ ಪೆರಾಕ್ಸೈಡುಗಳು ಇರಬಹುದಾದ್ದರಿಂದ ಬಟ್ಟಿ ಇಳಿಸುವ ಮುನ್ನ ಪೊಟ್ಯಾಸಿಯಂ ಅಯೋಡೈಡಿನಿಂದ ಪರೀಕ್ಷಿಸಲೇಬೇಕು.

ಇನ್ನೊಂದು ಪಾಲು ಗಾಳಿಯಿಂದ ಬರುತ್ತದೆ. ಒಣಗಿಸಿದ ಈಥರನ್ನು ಬೀಕರಿನಲ್ಲಿ ತೆರೆದಿಟ್ಟರೆ ಅದು ಆವಿಯಾಗುತ್ತಾ ತಣ್ಣಗಾಗಿ, ಬೀಕರಿನ ಹೊರಮೈ ಬೆವರುತ್ತದೆ. ಒಳಗಿನ ಈಥರೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆ ಆಷಾಢದಲ್ಲಿ ಇದು ಬೇಗ ಆಗುವುದರಲ್ಲಿ ಆಶ್ಚರ್ಯವಿಲ್ಲ. ಕಂಡೆನ್ಸರಿನಲ್ಲಿ ಐಸ್ ನೀರು ಹರಿಸಿದರೆ ಅದರ ಹೊರಮೈಯೂ ಬೆವರಿ, ಹನಿ ಕೆಳಗಿಳಿದು ಜಾಯಿಂಟಿನ ಸುತ್ತ ನಿಲ್ಲುತ್ತದೆ. ಅಲ್ಲಿ ಸುತ್ತಿದ ಒಂದು ಒಣ ಬಟ್ಟೆ, ಕಂಡೆನ್ಸರಿನ ತುದಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಗಾರ್ಡ್ ಟ್ಯೂಬ್, 110 ಡಿಗ್ರಿಯ ಓವನ್ನಿನಿಂದ ತೆಗೆದು ಜೋಡಿಸಿ ಮುಚ್ಚಿಟ್ಟೇ ಆರಲು ಬಿಟ್ಟ ಗಾಜಿನ ಸಾಮಾನು: ಇಷ್ಟಿದ್ದರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಅಸಿಟೋನಿನಿಂದ ತೊಳೆದು ಊದಿ ಒಣಗಿಸಿದ ಫ್ಲಾಸ್ಕನ್ನು ಮಾತ್ರ ನಂಬಬಾರದು. ಅಸಿಟೋನ್ ಸ್ವತಃ ಕೀಟೋನ್, ಕಾರಕ ಅದರ ಮೇಲೂ ಎರಗುತ್ತದೆ.

ಇಷ್ಟೆಲ್ಲ ದೂರವಿಟ್ಟ ನೀರನ್ನು ಕೊನೆಯಲ್ಲಿ ಕೈಯಾರೆ ಸುರಿಯುತ್ತೇವೆ. ಆ ಹೊತ್ತಿಗೆ ಕಾರ್ಬನ್ನಿನ ಕೆಲಸ ಮುಗಿದಿರುತ್ತದೆ. ಹೊಸ ಅಣುವಿನ ಆಮ್ಲಜನಕಕ್ಕೆ ಮೆಗ್ನೀಷಿಯಂ ಅಂಟಿಕೊಂಡಿರುತ್ತದೆ, ಅದನ್ನು ಕಳಚಿ ಆಲ್ಕೋಹಾಲ್ ಮಾಡಲು ಒಂದು ಹೈಡ್ರೋಜನ್ ಬೇಕು. ಮೊದಲು ಕಳ್ಳತನವಾಗಿದ್ದದ್ದು ಈಗ ಕೊಡುಗೆ. ಈ ‘ಕಳ್ಳತನ’ವನ್ನೇ ಅಳತೆಗೋಲು ಮಾಡಿಕೊಂಡವರೂ ಇದ್ದಾರೆ. ರಷ್ಯಾದ ತ್ಸೆರೆವಿತಿನೋವ್ 1907ರಲ್ಲಿ, ಮೀಥೈಲ್ ಮೆಗ್ನೀಷಿಯಂ ಅಯೋಡೈಡಿನಿಂದ ಹೊರಟ ಮೀಥೇನ್ ಅನಿಲವನ್ನು ಅಳೆದು ಒಂದು ವಸ್ತುವಿನಲ್ಲಿ ಇಂಥ ಸಡಿಲ ಹೈಡ್ರೋಜನ್ ಎಷ್ಟಿವೆ ಎಂದು ಎಣಿಸುವ ವಿಧಾನ ಕೊಟ್ಟರು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು 2021ರಲ್ಲಿ ಉಕ್ಕಿನ ಗುಂಡುಗಳಿರುವ ಡಬ್ಬಿಯಲ್ಲಿ ಮೆಗ್ನೀಷಿಯಂ ಅರೆದು, ಒಗ್ಗರಣೆಗೆ ಹಾಕಿದಷ್ಟೇ ಈಥರ್ ಬಳಸಿ, ಗಾಳಿಯಲ್ಲೇ ಇಂಥ ಕಾರಕ ಮಾಡಿ ತೋರಿಸಿದರು. ಆದರೆ ಅಂಥ ಗಿರಣಿ ಇಲ್ಲದ ಲ್ಯಾಬಿನಲ್ಲಿ ಒಣ ಈಥರೇ ಗತಿ.

ಆದ್ದರಿಂದ ಮುಂದಿನ ಸಲ ರೆಕಾರ್ಡಿನಲ್ಲಿ ‘ಕಾರಣ, ತೇವಾಂಶ’ ಎಂದಷ್ಟೇ ಬರೆದು ಬಿಡಬೇಡಿ. ಈಥರ್ ಯಾವಾಗ ಒಣಗಿಸಿದ್ದು, ಫ್ಲಾಸ್ಕ್ ಓವನ್ನಿನಲ್ಲಿ ಎಷ್ಟು ಹೊತ್ತು ಇತ್ತು, ದ್ರಾವಣ ಮಬ್ಬಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆಯಿರಿ. ಮತ್ತೆ, ಫ್ಲಾಸ್ಕ್ ಸುಮ್ಮನೆ ಕೂತಿದೆಯೆಂದು ಇನ್ನಷ್ಟು ಬ್ರೋಮೋಬೆಂಜೀನ್ ಸುರಿಯಲೇಬೇಡಿ. ತಡವಾಗಿ ಹತ್ತಿಕೊಂಡರೆ ಅಷ್ಟೂ ಒಮ್ಮೆಗೇ ಉರಿದೆದ್ದು, ಕಂಡೆನ್ಸರಿನ ಬಾಯಿಂದ ಈಥರ್ ಹೊರಗೆ ಚಿಮ್ಮುತ್ತದೆ.