‘ಯೋಚನೆ ಮಾಡಿ ಹೇಳ್ತೀನಿ’ ಎಂಬ ಉತ್ತರದ ಒಳಗೇನಿದೆ?

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವ ವ್ಯಾಪಾರದಲ್ಲಿ ಮುಖಕ್ಕೆ ಹೊಡೆದಂತೆ ‘ಬೇಡ’ ಎನ್ನುವವರು ಕಡಿಮೆ. ಮನೆಗೆ ಬಂದು ಕಾಫಿ ಕುಡಿದು, ಅರ್ಧ ಗಂಟೆ ವಿವರಿಸಿದ ಹುಡುಗನಿಗೆ ಹಾಗೆನ್ನಲು ನಮ್ಮವರಿಗೆ ದಾಕ್ಷಿಣ್ಯ. ‘ನೋಡೋಣ’, ‘ಮನೇಲಿ ಮಾತಾಡಿ ಹೇಳ್ತೀನಿ’, ‘ಯೋಚ್ನೆ ಮಾಡಿ ಫೋನ್ ಮಾಡ್ತೀನಿ’ ಎಂದು ಗೇಟಿನವರೆಗೆ ಬಂದು ಬೀಳ್ಕೊಡುತ್ತಾರೆ. ಹೀಗೆ ಹೇಳಿದವರಲ್ಲಿ ಕೊಳ್ಳಲು ಮುಕ್ಕಾಲು ಮನಸ್ಸು ಮಾಡಿದವರೂ ಇರುತ್ತಾರೆ, ಇನ್ನೆಂದೂ ಫೋನ್ ಎತ್ತದವರೂ ಇರುತ್ತಾರೆ.

ಅವರನ್ನು ಬೇರೆ ಮಾಡುವ ಸುಳಿವು ಆ ಉತ್ತರದಲ್ಲಿ ಸಿಗುವುದು ಅಪರೂಪ. ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಅವರು ಏನು ಕೇಳಿದರು ಎಂಬುದರಲ್ಲಿ ಸಿಗುತ್ತದೆ.

ತುಮಕೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ನಿವೃತ್ತ ಮೇಷ್ಟ್ರು, ತಿಂಗಳಿಗೆ 320 ಯೂನಿಟ್ ಕರೆಂಟು ಉರಿಯುತ್ತದೆ. 3 ಕಿಲೋವ್ಯಾಟ್‌ನ ವ್ಯವಸ್ಥೆಗೆ ಸುಮಾರು 300 ಚದರ ಅಡಿ ತಾರಸಿ ಬೇಕು, ಇವರಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಏಜೆಂಟ್ ಹೇಳಿದ ದರ 2 ಲಕ್ಷ ರೂಪಾಯಿ. ಮೇಷ್ಟ್ರು ಕೇಳಿದ್ದು ಮೂರು ಮಾತು: ‘ಮಂಗಗಳು ಬಂದು ಕುಣಿದ್ರೆ ಗಾಜು ತಡೆಯುತ್ತಾ?’ ‘ನಾಳೆ ಮಗ ಮೇಲೊಂದು ಮನೆ ಕಟ್ಟಿದ್ರೆ ಇದನ್ನ ಬಿಚ್ಚಿ ಹಾಕಬಹುದಾ?’ ‘ಸಬ್ಸಿಡಿ ಯಾವಾಗ ಬರುತ್ತೆ ಅಂದ್ರಿ?’ ಕೊನೆಯ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದರು. ಆಮೇಲೆ, ‘ಸರಿ, ಯೋಚ್ನೆ ಮಾಡಿ ಹೇಳ್ತೀನಿ.’

ಮೊದಲೆರಡು ಪ್ರಶ್ನೆಗಳು ಕೊಳ್ಳುವ ಮನಸ್ಸಿನವು. ಪ್ಯಾನೆಲ್ ಆಗಲೇ ತಮ್ಮ ತಾರಸಿ ಏರಿದಂತೆ ಅವರು ಮಂಗನನ್ನೂ ಮಗನನ್ನೂ ನೆನೆದಿದ್ದಾರೆ. ಬೇಡವಾದವರು ಅಷ್ಟು ದೂರ ಯೋಚಿಸುವುದಿಲ್ಲ. ಎರಡು ಸಲ ಬಂದ ಮೂರನೆಯ ಪ್ರಶ್ನೆಯಲ್ಲಿ ಅಡ್ಡಿ ಅಡಗಿದೆ. 2024ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಉಂಟು. ಆದರೆ ಅದು ಪ್ಯಾನೆಲ್ ಕೂರಿಸಿ, ಮೀಟರ್ ಹಾಕಿ, ತಪಾಸಣೆ ಮುಗಿದ ಮೇಲಷ್ಟೇ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಬೇಕಾದವರು ಮೇಷ್ಟ್ರೇ. ಕೈಯಲ್ಲಿ ಅಷ್ಟಿಲ್ಲ ಎಂದು ಅಪರಿಚಿತನ ಮುಂದೆ ಹೇಳಲು ಯಾರಿಗೆ ಮನಸ್ಸು ಬರುತ್ತದೆ?

ಅನುಭವವಿಲ್ಲದ ಏಜೆಂಟ್ ಇಲ್ಲಿ ಗಡಿಬಿಡಿಯಲ್ಲಿ ‘10,000 ಬಿಟ್ಟುಕೊಡ್ತೀನಿ ಸಾರ್’ ಎನ್ನುತ್ತಾನೆ. ಅದರಿಂದ ಹಣ ಹೊಂದಿಸುವ ತೊಡಕು ಬಗೆಹರಿಯುವುದಿಲ್ಲ. ಮೊದಲು ಹೇಳಿದ ದರದ ಮೇಲೆ ಇಲ್ಲದ ಅನುಮಾನ ಹುಟ್ಟುತ್ತದೆ, ಅಷ್ಟೆ.

ಪಳಗಿದವರು ಯೋಚಿಸುವ ಹಕ್ಕನ್ನು ಒಪ್ಪಿಕೊಂಡೇ ಕೇಳುತ್ತಾರೆ: ‘ಖಂಡಿತ ಯೋಚಿಸಿ ಸಾರ್. ಮನೇಲಿ ಮಾತಾಡುವಾಗ ಯಾವುದು ಅಡ್ಡ ಬರಬಹುದು? ಒಟ್ಟಿಗೆ ದುಡ್ಡು ಹಾಕೋದಾ, ತಾರಸಿ ವಿಚಾರವಾ, ಅಥವಾ ನಾವು ಆಮೇಲೆ ಸರ್ವೀಸಿಗೆ ಬರ್ತೀವೋ ಇಲ್ವೋ ಅನ್ನೋದಾ?’ ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಷ್ಟದ ಕೆಲಸ. ಮೂರು ಕಾರಣಗಳನ್ನು ಏಜೆಂಟೇ ಮುಂದಿಟ್ಟಿದ್ದರಿಂದ ದುಡ್ಡಿನ ಮಾತು ಈಗ ನಾಚಿಕೆಯದಲ್ಲ. ಮೇಷ್ಟ್ರು ಅದನ್ನು ಒಪ್ಪಿಕೊಂಡರೆ ಇದಕ್ಕೆಂದೇ ಇರುವ ಬ್ಯಾಂಕ್ ಸಾಲದ ಕಂತಿನ ಲೆಕ್ಕ ತೋರಿಸಬಹುದು.

ಹೊಗಳಿಕೆ ಬೆರೆತ ‘ನೋಡೋಣ’ದ ಬಗ್ಗೆ ಮಾತ್ರ ಎಚ್ಚರವಿರಲಿ. ‘ತುಂಬಾ ಚೆನ್ನಾಗಿ ವಿವರಿಸಿದ್ರಿ, ನೋಡೋಣ’ ಎಂದು ಒಂದೂ ಪ್ರಶ್ನೆ ಕೇಳದೆ ಎದ್ದವರಿಗಿಂತ, ‘ರೇಟ್ ಜಾಸ್ತಿ ಆಯ್ತಪ್ಪಾ’ ಎಂದು ಮುಖ ಸಿಂಡರಿಸಿದವರು ವ್ಯಾಪಾರಕ್ಕೆ ಹತ್ತಿರ.

ಸುಳಿವು ಓದುವುದರಲ್ಲಿ ಒಂದು ಅಪಾಯವಿದೆ: ಮಾರುವವನಿಗೆ ತನಗೆ ಬೇಕಾದದ್ದೇ ಕೇಳಿಸುತ್ತದೆ. ಸಾವಿರಾರು ಮಾರಾಟ ಭೇಟಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ‘ಸ್ಪಿನ್ ಸೆಲ್ಲಿಂಗ್’ ಪುಸ್ತಕ ಬರೆದ ನೀಲ್ ರ‍್ಯಾಕ್‌ಹ್ಯಾಮ್ ಇದಕ್ಕೊಂದು ಗಟ್ಟಿ ಅಳತೆ ಕೊಟ್ಟರು. ಭೇಟಿ ಸೌಹಾರ್ದವಾಗಿ ಮುಗಿದು, ಗಿರಾಕಿ ಮುಂದಿನ ಯಾವ ಹೆಜ್ಜೆಗೂ ಒಪ್ಪದಿದ್ದರೆ ಅದನ್ನು ಯಶಸ್ಸೆಂದು ಅವರು ಎಣಿಸಲಿಲ್ಲ. ಸೋಲಾರ್ ವ್ಯಾಪಾರಕ್ಕೆ ತಕ್ಕ ಹೆಜ್ಜೆಯೆಂದರೆ, ‘ಕಳೆದ ವರ್ಷದ ಕರೆಂಟ್ ಬಿಲ್‌ಗಳನ್ನ ವಾಟ್ಸಾಪ್ ಮಾಡಿ ಸಾರ್, ಸರಿಯಾದ ಲೆಕ್ಕ ಹಾಕಿ ಕೊಡ್ತೀನಿ’ ಎಂದು ಕೇಳುವುದು. ಅದಕ್ಕೆ ಕಾಸು ಖರ್ಚಿಲ್ಲ, ಹತ್ತು ನಿಮಿಷದ ತೊಂದರೆ ಮಾತ್ರ. ಆ ತೊಂದರೆ ತೆಗೆದುಕೊಂಡವರು ನಿಜವಾಗಿಯೂ ಯೋಚಿಸುತ್ತಿದ್ದಾರೆ. ವಾರವಾದರೂ ಬಿಲ್ ಬರದಿದ್ದರೆ ಒಮ್ಮೆ ಫೋನ್ ಮಾಡಿ, ‘ಬೇಡ ಅಂದ್ರೂ ಬೇಜಾರಿಲ್ಲ’ ಎಂದು ದಾರಿ ಬಿಟ್ಟುಕೊಟ್ಟರೆ ಸಾಕು. ಅಷ್ಟು ಹೊತ್ತು ನುಂಗಿಕೊಂಡಿದ್ದ ಉತ್ತರ ಆಗ ಬರುತ್ತದೆ.

ಬಿಲ್ ಬಂದರೂ ಅದು ಬೇರೆಯದೇ ಕಥೆ ಹೇಳಬಹುದು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 150 ಯೂನಿಟ್ ಬಳಸುತ್ತಾ ಆ ಯೋಜನೆಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಯವರು ‘ಯೋಚ್ನೆ ಮಾಡ್ತೀನಿ’ ಎಂದರೆ ಅಲ್ಲಿ ಬಿಡಿಸಬೇಕಾದ ಗಂಟು ಯಾವುದೂ ಇಲ್ಲ. ಉಳಿಸಲು ಬಿಲ್ಲೇ ಇಲ್ಲದವರು 2 ಲಕ್ಷ ಯಾಕೆ ಹಾಕಬೇಕು? ಆ ಮನೆಯನ್ನು ಪಟ್ಟಿಯಿಂದ ತೆಗೆದುಬಿಡುವುದೇ ಸರಿ.